ಔಷಧವಿಲ್ಲದ ಇನ್‌ಹೇಲರ್‌ನಿಂದ ಉಸಿರು ಹಗುರವಾಗುವುದು ಹೇಗೆ?

ಪ್ರಶ್ನೆ: ನನ್ನ ಅಣ್ಣನಿಗೆ ಹದಿನೈದು ವರ್ಷದಿಂದ ಅಸ್ತಮಾ. ಅವನು ತೋರಿಸಿಕೊಳ್ಳುವ ಆಸ್ಪತ್ರೆಯಲ್ಲಿ ಹೊಸ ಔಷಧದ ಟ್ರಯಲ್‌ಗೆ ಸೇರುತ್ತೀರಾ ಎಂದು ಕೇಳಿದ್ದಾರೆ. ಅರ್ಧ ಜನಕ್ಕೆ ಔಷಧ, ಇನ್ನರ್ಧಕ್ಕೆ ಔಷಧದಂತೆಯೇ ಕಾಣುವ ಆದರೆ ಔಷಧವಿಲ್ಲದ ಪ್ಲಸೀಬೊ, ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರುವುದಿಲ್ಲವಂತೆ. ಪ್ಲಸೀಬೊದಿಂದಲೂ ಗುಣವಾಗುತ್ತದೆ ಅಂತ ಓದಿದ್ದೇನೆ. ಅದು ಹೇಗೆ ಸಾಧ್ಯ? ಇದರಲ್ಲಿ ಗುಟ್ಟು ಯಾಕೆ? ನಡುರಾತ್ರಿ ದಮ್ಮು ಜಾಸ್ತಿಯಾದರೆ ಏನು ಗತಿ?

ಉತ್ತರ: ನಿಮ್ಮ ಅಣ್ಣನ ಕಾಯಿಲೆಯ ಮೇಲೆಯೇ ನಡೆದ ಒಂದು ಅಧ್ಯಯನವಿದೆ. ಪ್ಲಸೀಬೊ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಅದರಷ್ಟು ಸ್ಪಷ್ಟವಾಗಿ ತೋರಿಸಿದ್ದು ನನ್ನ ಓದಿನಲ್ಲಿ ಇನ್ನೊಂದಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನ ಅದು. ಸೇರಿದವರು 46 ಜನ, ಕೊನೆಯವರೆಗೆ ಉಳಿದವರು 39. ದೊಡ್ಡ ಸಂಖ್ಯೆಯೇನಲ್ಲ. ಆದರೆ ಅದನ್ನು ಹೆಣೆದ ಬಗೆ ಜಾಣತನದ್ದು. ಹಾಗಾಗಿ ನಿಮ್ಮ ಪ್ರಶ್ನೆಗಳನ್ನೆಲ್ಲ ಅದರ ಸುತ್ತಲೇ ಬಿಡಿಸುತ್ತೇನೆ.

ಅಲ್ಲಿ ಪ್ರತಿಯೊಬ್ಬ ರೋಗಿಯೂ ಕೆಲವು ದಿನಗಳ ಅಂತರದಲ್ಲಿ ಹನ್ನೆರಡು ಸಲ ಬಂದು ಹೋದ. ಒಮ್ಮೆ ಬಂದಾಗ ಸಾಲ್ಬ್ಯುಟಮಾಲ್ ಇನ್‌ಹೇಲರ್ ಕೊಟ್ಟರು. ದಮ್ಮು ಕಟ್ಟಿದಾಗ ನಿಮ್ಮ ಅಣ್ಣ ಜೇಬಿನಿಂದ ತೆಗೆದು ಹೀರುತ್ತಾರಲ್ಲ, ಅದೇ ಔಷಧ. ಇನ್ನೊಮ್ಮೆ ಬಂದಾಗ ನೋಡಲು ಹಾಗೇ ಇರುವ, ಒಳಗೆ ಔಷಧವಿಲ್ಲದ ಇನ್‌ಹೇಲರ್. ಮತ್ತೊಮ್ಮೆ ಅಕ್ಯುಪಂಕ್ಚರ್ ಮಾಡಿದಂತೆ ತೋರುವ, ಚರ್ಮದೊಳಕ್ಕೆ ಇಳಿಯದ ಸೂಜಿ. ನಾಲ್ಕನೆಯ ಸಲ ಏನೂ ಇಲ್ಲ, ಸುಮ್ಮನೆ ಎರಡು ಗಂಟೆ ಕೂತು ಹೋಗುವುದು. ಈ ನಾಲ್ಕೂ ಬೇರೆ ಬೇರೆ ಸರದಿಯಲ್ಲಿ ಮೂರು ಸುತ್ತು ಬಂದವು. ಪ್ರತಿ ಸಲವೂ ಎರಡು ಗಂಟೆಯ ಹೊತ್ತು ಇಪ್ಪತ್ತು ನಿಮಿಷಕ್ಕೊಮ್ಮೆ ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ. ಜೊತೆಗೆ ‘ಉಸಿರಾಟ ಎಷ್ಟು ಸುಧಾರಿಸಿದೆ ಅನ್ನಿಸುತ್ತಿದೆ’ ಎಂಬ ಪ್ರಶ್ನೆಗೆ ರೋಗಿಯೇ ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕಬೇಕು.

ರೋಗಿಗಳು ಹೇಳಿದ್ದನ್ನು ಮೊದಲು ನೋಡೋಣ. ಸಾಲ್ಬ್ಯುಟಮಾಲ್ ಹೀರಿದಾಗ ಶೇ. 50ರಷ್ಟು ಸುಧಾರಣೆ ಎಂದರು. ಔಷಧವಿಲ್ಲದ ಇನ್‌ಹೇಲರ್ ಹೀರಿದಾಗ ಶೇ. 45. ಹುಸಿ ಸೂಜಿಗೆ ಶೇ. 46. ಸುಮ್ಮನೆ ಕೂತಾಗ ಶೇ. 21. ಈ ಸಾಲನ್ನು ಮಾತ್ರ ಓದಿದವರು ಸಾಲ್ಬ್ಯುಟಮಾಲ್ ಕೂಡ ಒಂದು ಪ್ಲಸೀಬೊ ಅಷ್ಟೇ ಎಂದುಬಿಡಬಹುದು.

ಇನ್ನು ಯಂತ್ರ ಬರೆದುಕೊಂಡದ್ದು. ಎದೆ ತುಂಬ ಉಸಿರೆಳೆದು ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಎಂಬುದು ಶ್ವಾಸನಾಳ ಎಷ್ಟು ತೆರೆದಿದೆ ಎಂಬುದರ ಅಳತೆ. ಸಾಲ್ಬ್ಯುಟಮಾಲ್ ಹೀರಿದಾಗ ಅದು ಶೇ. 20ರಷ್ಟು ಏರಿತು. ಔಷಧವಿಲ್ಲದ ಇನ್‌ಹೇಲರ್‌ಗೆ, ಹುಸಿ ಸೂಜಿಗೆ, ಸುಮ್ಮನೆ ಕೂತದ್ದಕ್ಕೆ ಮೂರಕ್ಕೂ ಹೆಚ್ಚುಕಡಿಮೆ ಶೇ. 7.

ಈ ಎರಡು ಸಾಲುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಹುಸಿ ಇನ್‌ಹೇಲರ್ ಹೀರಿದವರು ಸುಳ್ಳು ಹೇಳಲಿಲ್ಲ. ಅವರಿಗೆ ನಿಜವಾಗಿಯೂ ಎದೆ ಹಗುರಾಯಿತು. ಆದರೆ ಶ್ವಾಸನಾಳ ಸುಮ್ಮನೆ ಕೂತಿದ್ದ ದಿನಕ್ಕಿಂತ ಒಂದಿಷ್ಟೂ ಹೆಚ್ಚು ತೆರೆದಿರಲಿಲ್ಲ. ನೀವು ಓದಿದ ‘ಪ್ಲಸೀಬೊದಿಂದಲೂ ಗುಣ’ ಎಂಬ ಮಾತಿನಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲೆತುಹೋಗಿವೆ. ಕಾಯಿಲೆಯ ಸಂಕಟ ಕಡಿಮೆಯಾಗುವುದು ಒಂದು, ಕಾಯಿಲೆಯೇ ಕಡಿಮೆಯಾಗುವುದು ಇನ್ನೊಂದು.

ಹಾಗಾದರೆ ಸಂಕಟ ಕಡಿಮೆಯಾಗುವುದು ಹೇಗೆ? ದಮ್ಮು ಎಂಬ ಅನುಭವ ಎದೆಯಲ್ಲಿ ಹುಟ್ಟುವುದಿಲ್ಲ, ಮಿದುಳಿನಲ್ಲಿ ಹುಟ್ಟುತ್ತದೆ. ಎದೆಯಿಂದ, ಪಕ್ಕೆಲುಬಿನ ಸ್ನಾಯುಗಳಿಂದ ಸುದ್ದಿ ಮೇಲೆ ಹೋಗುತ್ತದೆ. ಮಿದುಳು ಆ ಸುದ್ದಿಯನ್ನು ಹಿಂದಿನ ನೆನಪು, ಮುಂದಿನ ನಿರೀಕ್ಷೆ, ಆ ಹೊತ್ತಿನ ಭಯ ಎಲ್ಲದರ ಜೊತೆ ಸೇರಿಸಿ ‘ಇಷ್ಟು ಕಷ್ಟವಾಗುತ್ತಿದೆ’ ಎಂದು ತೀರ್ಮಾನಿಸುತ್ತದೆ. ಹದಿನೈದು ವರ್ಷದಲ್ಲಿ ಸಾವಿರಾರು ಸಲ ಇನ್‌ಹೇಲರ್ ಹೀರಿ ನಿರಾಳವಾದ ಮನುಷ್ಯನಿಗೆ ಆ ‘ಪುಸ್’ ಸದ್ದು, ಗಂಟಲಿಗೆ ತಗಲುವ ತಂಪು, ಕೈಯಲ್ಲಿನ ಡಬ್ಬಿಯ ತೂಕ ಇವೇ ನಿರಾಳದ ಮುನ್ಸೂಚನೆಗಳು. ಔಷಧ ಶ್ವಾಸನಾಳವನ್ನು ಸಡಿಲಿಸುವುದಕ್ಕೆ ಕೆಲವು ನಿಮಿಷ ಬೇಕು. ಮಿದುಳು ಅಷ್ಟು ಹೊತ್ತು ಕಾಯುವುದಿಲ್ಲ.

‘ಹಾಗಾದರೆ ಇದೆಲ್ಲ ಬರೀ ಕಲ್ಪನೆ’ ಎಂದು ತಳ್ಳಿಹಾಕಲೂ ಬರುವುದಿಲ್ಲ. ನೋವಿನ ವಿಷಯದಲ್ಲಿ ಇದನ್ನು 1978ರಲ್ಲೇ ತೋರಿಸಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಲೆವೀನ್, ಗಾರ್ಡನ್, ಫೀಲ್ಡ್ಸ್ ಎಂಬ ಮೂವರು, ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ನೋವು ನಿವಾರಕದ ಹೆಸರಿನಲ್ಲಿ ಪ್ಲಸೀಬೊ ಕೊಟ್ಟರು. ಕೆಲವರಿಗೆ ನೋವು ಇಳಿಯಿತು. ಆಮೇಲೆ ನಲಾಕ್ಸೋನ್ ಎಂಬ ಔಷಧ ಕೊಟ್ಟರು. ಮಾರ್ಫಿನ್ ಎಂಬ ಬಲವಾದ ನೋವು ನಿವಾರಕ ಅತಿಯಾಗಿ ಉಸಿರು ನಿಲ್ಲುವ ಸ್ಥಿತಿಗೆ ಹೋದವರನ್ನು ಬದುಕಿಸಲು ತುರ್ತುಚಿಕಿತ್ಸಾ ವಿಭಾಗದಲ್ಲಿ ನಾವು ಕೊಡುವ ಔಷಧ ಅದು. ಮಾರ್ಫಿನ್ ಹೋಗಿ ಕೂರುವ ಜಾಗಗಳಿಗೆ ಬೀಗ ಹಾಕುವುದು ಅದರ ಕೆಲಸ. ಪ್ಲಸೀಬೊದಿಂದ ನೋವು ಇಳಿದಿದ್ದವರಿಗೆ ನಲಾಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ಅವರಿಗೆ ಯಾರೂ ಮಾರ್ಫಿನ್ ಕೊಟ್ಟಿರಲಿಲ್ಲ. ಹಾಗಿದ್ದರೆ ಬೀಗ ಬಿದ್ದದ್ದು ಯಾವುದಕ್ಕೆ? ಅವರ ಮಿದುಳು ತಾನೇ ತಯಾರಿಸಿಕೊಂಡಿದ್ದ, ಮಾರ್ಫಿನ್ ಹೋಲುವ ಎಂಡಾರ್ಫಿನ್‌ಗಳಿಗೆ. ನೋವು ಇಳಿಯುತ್ತದೆ ಎಂಬ ನಿರೀಕ್ಷೆ ಮೈಯೊಳಗಿನ ರಾಸಾಯನಿಕವೊಂದನ್ನು ಬಿಡುಗಡೆ ಮಾಡಿತ್ತು.

ಇಟಲಿಯ ಟ್ಯುರಿನ್‌ನಲ್ಲಿ ಬೆನೆಡೆಟ್ಟಿ ಎಂಬ ವಿಜ್ಞಾನಿಯ ತಂಡ ಇದನ್ನೇ ತಿರುವಿ ನೋಡಿತು. ಆಪರೇಷನ್ ಆದವರಿಗೆ ಒಂದೇ ಅಳತೆಯ ನಿಜವಾದ ನೋವು ನಿವಾರಕ. ಕೆಲವರಿಗೆ ವೈದ್ಯರು ಹಾಸಿಗೆಯ ಪಕ್ಕ ನಿಂತು, ‘ಈಗ ನೋವಿಗೆ ಕೊಡುತ್ತಿದ್ದೇನೆ’ ಎಂದು ಹೇಳಿ ಕೊಟ್ಟರು. ಉಳಿದವರಿಗೆ ಅರಿವಿಲ್ಲದಂತೆ ಪಂಪಿನ ಮೂಲಕ ಅದೇ ಔಷಧ ಹೋಯಿತು. ಗೊತ್ತಿಲ್ಲದೆ ಪಡೆದವರಿಗೆ ಸಿಕ್ಕ ಉಪಶಮನ ಕಡಿಮೆ. ಅಂದರೆ ಅಸಲಿ ಔಷಧದ ಫಲದಲ್ಲೂ ‘ನನಗೆ ಔಷಧ ಕೊಟ್ಟಿದ್ದಾರೆ’ ಎಂಬ ಅರಿವಿನ ಪಾಲೊಂದು ಸೇರಿಕೊಂಡಿರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಟ್ರಯಲ್‌ನಲ್ಲಿ ಯಾಕೆ ಮುಚ್ಚಿಡುತ್ತಾರೆ ಎಂಬುದು ನಿಂತಿರುವುದು ಇದರ ಮೇಲೆಯೇ.

ಅದಕ್ಕೆ ಹೋಗುವ ಮುಂಚೆ ಬಾಸ್ಟನ್ ಅಧ್ಯಯನದ ನಾಲ್ಕನೆಯ ಸರದಿಯನ್ನು ಮರೆಯುವುದು ಬೇಡ. ಏನೂ ಕೊಡದೆ ಸುಮ್ಮನೆ ಕೂರಿಸಿದಾಗಲೂ ಶೇ. 21 ಸುಧಾರಣೆ ಎಂದರಲ್ಲ, ಯಂತ್ರದಲ್ಲೂ ಶೇ. 7 ಏರಿತಲ್ಲ, ಅದೆಲ್ಲಿಂದ ಬಂತು? ಅಸ್ತಮಾ ದಿನವಿಡೀ ಒಂದೇ ಮಟ್ಟದಲ್ಲಿರುವ ಕಾಯಿಲೆಯಲ್ಲ. ಬೆಳಗಿನ ಜಾವ ಬಿಗಿಯುತ್ತದೆ, ಹೊತ್ತೇರಿದಂತೆ ಸಡಿಲವಾಗುತ್ತದೆ. ತೊಂದರೆ ಹೆಚ್ಚಾದ ವಾರದಲ್ಲೇ ಜನ ಆಸ್ಪತ್ರೆಗೆ ಬರುತ್ತಾರೆ. ತೀರಾ ಹೆಚ್ಚಾದದ್ದು ಕೆಲ ದಿನಗಳಲ್ಲಿ ತಾನಾಗಿಯೇ ಒಂದಿಷ್ಟು ಇಳಿಯುತ್ತದೆ. ಬೀದಿಯ ಧೂಳು, ಹೊಗೆಯಿಂದ ಬಂದು ತಂಪಾದ ಕೋಣೆಯಲ್ಲಿ ಎರಡು ಗಂಟೆ ಕೂತರೂ ಉಸಿರು ಸ್ವಲ್ಪ ತಿಳಿಯಾಗುತ್ತದೆ. ಇದಾವುದೂ ಪ್ಲಸೀಬೊ ಪರಿಣಾಮವಲ್ಲ, ಕಾಯಿಲೆಯ ಸಹಜ ಏರಿಳಿತ. ‘ಪ್ಲಸೀಬೊ ತೆಗೆದುಕೊಂಡವರಲ್ಲಿ ಇಷ್ಟು ಜನ ಗುಣವಾದರು’ ಎಂಬ ಸುದ್ದಿ ಎಲ್ಲೇ ಕಂಡರೂ, ಏನನ್ನೂ ಕೊಡದ ಗುಂಪೊಂದು ಅಲ್ಲಿ ಇತ್ತೇ ಎಂದು ನಾನು ಮೊದಲು ಹುಡುಕುತ್ತೇನೆ. ಬಹಳ ಸಲ ಇರುವುದಿಲ್ಲ. ಆಗ ತಾನಾಗಿ ಇಳಿದದ್ದನ್ನೆಲ್ಲ ಪ್ಲಸೀಬೊದ ಲೆಕ್ಕಕ್ಕೆ ಬರೆದುಬಿಟ್ಟಿರುತ್ತಾರೆ.

ಈಗ ಗುಟ್ಟಿನ ಪ್ರಶ್ನೆ. ಅಂಗಡಿಗೆ ಡಬ್ಬಿ ತೆಗೆದುಕೊಂಡು ಹೋಗಿ ತುಪ್ಪ ತರುವಾಗ ಏನು ಮಾಡುತ್ತೀರಿ? ಡಬ್ಬಿ ಸಮೇತ ತೂಗಿ, ಖಾಲಿ ಡಬ್ಬಿಯ ತೂಕವನ್ನು ಕಳೆಯುತ್ತೀರಿ. ಟ್ರಯಲ್‌ನಲ್ಲಿ ನಡೆಯುವುದೂ ಇದೇ ಕಳೆಯುವ ಲೆಕ್ಕ. ಔಷಧ ಪಡೆದ ಗುಂಪಿನಲ್ಲಿ ಕಾಣುವ ಸುಧಾರಣೆಯೊಳಗೆ ಕಾಯಿಲೆಯ ಏರಿಳಿತವಿದೆ, ವಾರವಾರ ನರ್ಸ್ ವಿಚಾರಿಸಿಕೊಳ್ಳುವುದರಿಂದ ಬಂದ ನೆಮ್ಮದಿಯಿದೆ, ನಿರೀಕ್ಷೆಯ ಪಾಲಿದೆ, ಔಷಧದ ಪಾಲೂ ಇದೆ. ಪ್ಲಸೀಬೊ ಗುಂಪಿನಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ. ಕಳೆದರೆ ಸಿಗುವುದು ಔಷಧದ ತೂಕ. ಬಾಸ್ಟನ್ ಅಧ್ಯಯನದಲ್ಲಿ ಯಂತ್ರದ ಅಳತೆಯಂತೆ 20ರಲ್ಲಿ 7 ಕಳೆದರೆ 13. ಅಷ್ಟು ಸಾಲ್ಬ್ಯುಟಮಾಲ್‌ನ ಸ್ವಂತ ಗಳಿಕೆ.

ಈ ಲೆಕ್ಕ ನಿಲ್ಲಬೇಕಾದರೆ ಎರಡು ಡಬ್ಬಿಗಳ ತೂಕ ಒಂದೇ ಇರಬೇಕು. ಒಬ್ಬನಿಗೆ ‘ನಿನಗೆ ಹೊಸ ಔಷಧ’ ಎಂದೂ, ಇನ್ನೊಬ್ಬನಿಗೆ ‘ನಿನ್ನದು ಖಾಲಿ’ ಎಂದೂ ಹೇಳಿಬಿಟ್ಟರೆ ಮೊದಲನೆಯವನ ನಿರೀಕ್ಷೆ ಏರುತ್ತದೆ, ಎರಡನೆಯವನದು ಕುಸಿಯುತ್ತದೆ. ಆಮೇಲೆ ಕಳೆದರೆ ಸಿಗುವುದು ಔಷಧದ ತೂಕವಲ್ಲ, ಔಷಧ ಮತ್ತು ಆಸೆ ಎರಡೂ ಸೇರಿದ ತೂಕ. ಯಾರಿಗೆ ಯಾವುದೆಂದು ತಿಳಿಯದಿದ್ದರೆ ಇಬ್ಬರೂ ಒಂದೇ ಅರ್ಧನಂಬಿಕೆಯಲ್ಲಿರುತ್ತಾರೆ. ಮುಚ್ಚಿಡುವ ಉದ್ದೇಶ ಇಷ್ಟೇ. ಪ್ಲಸೀಬೊ ಇದೆ ಎಂಬುದನ್ನು ಯಾರೂ ಮುಚ್ಚಿಡುವುದಿಲ್ಲ. ಅದು ಒಪ್ಪಿಗೆ ಪತ್ರದಲ್ಲೇ ಬರೆದಿರುತ್ತದೆ, ನಿಮ್ಮ ಅಣ್ಣನಿಗೆ ಗೊತ್ತಾದದ್ದೂ ಹಾಗೆಯೇ.

ಗುಟ್ಟು ರಟ್ಟಾದರೆ ಏನಾಗುತ್ತದೆ ಎಂಬುದಕ್ಕೆ ನೆಗಡಿಯ ಕಥೆಯೊಂದಿದೆ. ವಿಟಮಿನ್ ಸಿ ತಿಂದರೆ ನೆಗಡಿ ಬೇಗ ವಾಸಿ ಎಂಬ ಮಾತು 1970ರ ದಶಕದಲ್ಲಿ ಅಮೆರಿಕದಲ್ಲಿ ಬಹಳ ಜೋರಾಗಿತ್ತು. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ತಮ್ಮ ನೌಕರರಲ್ಲೇ 311 ಜನರನ್ನು ಸೇರಿಸಿಕೊಂಡು ಒಂಬತ್ತು ತಿಂಗಳು ಪರೀಕ್ಷೆ ನಡೆಸಿದರು. ಫಲಿತಾಂಶ ಬಂದದ್ದು 1975ರಲ್ಲಿ. ಕ್ಯಾಪ್ಸೂಲುಗಳು ಹೊರಗಿನಿಂದ ಒಂದೇ ಥರ. ಕೆಲವದರಲ್ಲಿ ವಿಟಮಿನ್ ಸಿ, ಕೆಲವದರಲ್ಲಿ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ. ಭಾಗವಹಿಸಿದವರು ಆರೋಗ್ಯ ಸಂಸ್ಥೆಯ ನೌಕರರು, ಕುತೂಹಲದ ಜನ. ಕೆಲವರು ಕ್ಯಾಪ್ಸೂಲು ಬಿಚ್ಚಿ ಪುಡಿಯನ್ನು ನಾಲಿಗೆಗೆ ಹಚ್ಚಿ ನೋಡಿದರು. ಹುಳಿಯಿದ್ದರೆ ವಿಟಮಿನ್, ಸಿಹಿಯಿದ್ದರೆ ಸಕ್ಕರೆ. ಅಲ್ಲಿಗೆ ಗುಟ್ಟು ಮುಗಿಯಿತು.

ಎಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದಾಗ ವಿಟಮಿನ್ ಸಿ ತಿಂದವರ ನೆಗಡಿ ಸ್ವಲ್ಪ ಬೇಗ ವಾಸಿಯಾದಂತೆ ಕಂಡಿತು. ಸಂಶೋಧಕರು ಅಲ್ಲಿಗೆ ನಿಲ್ಲಲಿಲ್ಲ. ತಾವು ತಿನ್ನುತ್ತಿರುವುದು ಏನೆಂದು ಯಾರಿಗೆ ಗೊತ್ತಾಗಿರಲಿಲ್ಲವೋ ಅವರನ್ನು ಬೇರೆ ಮಾಡಿ ನೋಡಿದರು. ಅವರಲ್ಲಿ ವಿಟಮಿನ್ನಿಗೂ ಸಕ್ಕರೆಗೂ ನೆಗಡಿಯ ದಿನಗಳಲ್ಲಿ ವ್ಯತ್ಯಾಸ ಉಳಿಯಲಿಲ್ಲ. ವ್ಯತ್ಯಾಸವೆಲ್ಲ ಇದ್ದದ್ದು ರುಚಿಯಿಂದಲೋ ಊಹೆಯಿಂದಲೋ ಗುಟ್ಟು ತಿಳಿದವರಲ್ಲಿ. ತಮ್ಮ ಪರೀಕ್ಷೆಯ ತೂತನ್ನು ತಾವೇ ಹುಡುಕಿ ಎಲ್ಲರ ಮುಂದಿಟ್ಟ ಆ ಪ್ರಾಮಾಣಿಕತೆಯನ್ನು ನಾನು ತುಂಬ ಗೌರವಿಸುತ್ತೇನೆ. ಈಗ ಒಳ್ಳೆಯ ಟ್ರಯಲ್‌ಗಳಲ್ಲಿ ಬಣ್ಣ, ಆಕಾರ ಮಾತ್ರವಲ್ಲ, ರುಚಿ ವಾಸನೆಯನ್ನೂ ಹೊಂದಿಸುತ್ತಾರೆ. ಎಷ್ಟೋ ಕಡೆ ಕೊನೆಯಲ್ಲಿ ‘ನಿಮಗೆ ಸಿಕ್ಕಿದ್ದು ಯಾವುದು ಅಂದುಕೊಂಡಿದ್ದೀರಿ’ ಎಂದು ರೋಗಿಗಳನ್ನೇ ಕೇಳುತ್ತಾರೆ. ಅರ್ಧ ಜನರ ಊಹೆ ಸರಿಯಾದರೆ ಅದು ನಾಣ್ಯ ಚಿಮ್ಮಿದ ಹಾಗೆ, ಗುಟ್ಟು ಉಳಿದಿದೆ. ನೂರಕ್ಕೆ ಎಂಬತ್ತು ಜನ ಸರಿಯಾಗಿ ಊಹಿಸಿದರೆ ಎಲ್ಲೋ ಸೋರಿದೆ. ಅದಕ್ಕೆ ಮೋಸವೇ ಕಾರಣವಾಗಬೇಕಿಲ್ಲ. ಸಾಲ್ಬ್ಯುಟಮಾಲ್ ಜಾಸ್ತಿ ಹೀರಿದರೆ ಕೈ ನಡುಗುತ್ತದೆ, ಎದೆ ಡವಡವ ಎನ್ನುತ್ತದೆ. ಇಂಥ ಲಕ್ಷಣಗಳೇ ಗುಟ್ಟು ಬಿಟ್ಟುಕೊಡುತ್ತವೆ.

ಸರಿ, ರೋಗಿಗೆ ಹೇಳದಿರುವುದು ಅರ್ಥವಾಗುತ್ತದೆ, ಡಾಕ್ಟರಿಗೂ ಯಾಕೆ ಹೇಳುವುದಿಲ್ಲ ಎಂದರೆ, ಇದನ್ನು ನಾನು ನನ್ನ ಕೈಯಾರೆ ಕಲಿತೆ. ಪಿ.ಜಿ. ಓದುತ್ತಿದ್ದಾಗ ಒಂದು ಸಣ್ಣ ಅಧ್ಯಯನಕ್ಕೆ ಊದುವ ಪರೀಕ್ಷೆ ಮಾಡಿಸುವ ಕೆಲಸ ನನ್ನದಾಗಿತ್ತು. ಆ ಅಧ್ಯಯನದಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂಬುದು ನನಗೆ ಗೊತ್ತಿತ್ತು. ಊದುವ ಪರೀಕ್ಷೆ ಬಿ.ಪಿ. ನೋಡಿದ ಹಾಗಲ್ಲ, ರೋಗಿ ಎಷ್ಟು ಮನಸ್ಸಿಟ್ಟು ಊದುತ್ತಾನೆ ಎಂಬುದರ ಮೇಲೆ ಅಂಕೆ ನಿಂತಿರುತ್ತದೆ. ಹಾಗಾಗಿ ಪಕ್ಕದಲ್ಲಿ ನಿಂತವರು ‘ಊದಿ, ಊದಿ, ಇನ್ನೂ ಊದಿ, ಬಿಡಬೇಡಿ’ ಎಂದು ಹುರಿದುಂಬಿಸಬೇಕು. ಮೂರು ಸಲ ಸರಿಯಾಗಿ ಊದಿದ್ದು ಸಿಗುವವರೆಗೆ ಮಾಡಿಸಿ, ಅದರಲ್ಲಿ ಹೆಚ್ಚಿನದನ್ನು ಬರೆದುಕೊಳ್ಳಬೇಕು.

ಕೆಲವು ವಾರಗಳಾದ ಮೇಲೆ ಹಿರಿಯ ಟೆಕ್ನೀಷಿಯನ್ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ‘ಡಾಕ್ಟ್ರೇ, ಹೊಸ ಔಷಧದವರು ಬಂದಾಗ ನಿಮ್ಮ ಧ್ವನಿ ಜೋರಾಗತ್ತೆ’ ಎಂದರು. ನಾನು ಒಪ್ಪಲಿಲ್ಲ. ಮನೆಗೆ ಹೋಗಿ ಹಾಳೆಗಳನ್ನು ತಿರುವಿ ನೋಡಿದರೆ, ಹೊಸ ಚಿಕಿತ್ಸೆಯವರಿಗೆ ನಾನು ಐದು ಆರು ಸಲ ಊದಿಸಿದ್ದೆ, ಉಳಿದವರಿಗೆ ಮೂರಕ್ಕೇ ಸಾಕೆಂದಿದ್ದೆ. ಹೆಚ್ಚು ಸಲ ಊದಿದವರ ‘ಎಲ್ಲಕ್ಕಿಂತ ಹೆಚ್ಚಿನ’ ಅಂಕೆ ಹೆಚ್ಚೇ ಇರುತ್ತದೆ. ನಾನು ಒಂದು ಅಂಕೆಯನ್ನೂ ತಿದ್ದಿರಲಿಲ್ಲ. ಆ ಔಷಧ ಗೆಲ್ಲಲಿ ಎಂಬ ಆಸೆ ನನ್ನ ಗಂಟಲಿನಿಂದ ರೋಗಿಯ ಎದೆಗೆ, ಅಲ್ಲಿಂದ ಯಂತ್ರಕ್ಕೆ ಇಳಿದಿತ್ತು. ನಾವು ಆ ಹಾಳೆಗಳನ್ನು ಬಳಸಲಿಲ್ಲ. ಯಾರಿಗೆ ಏನು ಎಂದು ತಿಳಿಯದ ಬೇರೊಬ್ಬರಿಂದ ಮೊದಲಿನಿಂದ ಮಾಡಿಸಿದೆವು. ಯಂತ್ರ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯಲ್ಲಿದ್ದ ನನಗೆ ಅದು ದೊಡ್ಡ ಪೆಟ್ಟು.

ಕೆನಡಾದಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಟ್ರಯಲ್ ಒಂದರಲ್ಲಿ ಇದನ್ನು ಬೇಕೆಂದೇ ಅಳೆದು ನೋಡಿದ್ದಾರೆ. ಅದೇ ರೋಗಿಗಳನ್ನು ಇಬ್ಬಿಬ್ಬರು ನರರೋಗ ತಜ್ಞರು ಪರೀಕ್ಷಿಸಿದರು. ಒಬ್ಬರಿಗೆ ಚಿಕಿತ್ಸೆ ಯಾವುದೆಂದು ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ. ಗೊತ್ತಿದ್ದವರ ಕಣ್ಣಿಗೆ ಚಿಕಿತ್ಸೆಯಿಂದ ಲಾಭ ಕಂಡಿತು. ಗೊತ್ತಿಲ್ಲದವರ ಕಣ್ಣಿಗೆ ಕಾಣಲಿಲ್ಲ. 1994ರಲ್ಲಿ ಪ್ರಕಟವಾದ ಆ ವರದಿಯಲ್ಲಿದ್ದ ವೈದ್ಯರು ಅನನುಭವಿಗಳಲ್ಲ, ಅಪ್ರಾಮಾಣಿಕರೂ ಅಲ್ಲ.

ಇನ್ನು ನಿಮ್ಮ ಮುಖ್ಯ ಆತಂಕ, ನಡುರಾತ್ರಿಯದು. ಗುಟ್ಟು ಎಂದರೆ ಯಾರಿಗೂ ಗೊತ್ತಿಲ್ಲ ಎಂದಲ್ಲ. ಯಾರ ಪಾಲಿಗೆ ಏನು ಎಂಬ ಪಟ್ಟಿಯನ್ನು ಮೊದಲೇ ಕಂಪ್ಯೂಟರ್‌ನಲ್ಲಿ ಚೀಟಿ ಎತ್ತಿದ ಹಾಗೆ ತಯಾರಿಸಿರುತ್ತಾರೆ. ಅದು ರೋಗಿಯನ್ನು ನೋಡುವ ವೈದ್ಯರ ಕೈಗೆ ಸಿಗದ ಕಡೆ ಇರುತ್ತದೆ. ನಿಮ್ಮ ಅಣ್ಣನಿಗೆ ಬರುವ ಡಬ್ಬಿಯ ಮೇಲೆ ಒಂದು ಸಂಖ್ಯೆ ಮಾತ್ರ. ಆ ಸಂಖ್ಯೆಯ ಡಬ್ಬಿಯಲ್ಲಿ ಏನಿದೆ ಎಂದು ತಿಳಿಯದೆ ಚಿಕಿತ್ಸೆ ಮುಂದುವರಿಸಲಾಗದ ಸ್ಥಿತಿ ಬಂದರೆ, ಆ ಒಬ್ಬ ರೋಗಿಯ ಗುಟ್ಟನ್ನು ಮಾತ್ರ ಒಡೆಯುವ ವ್ಯವಸ್ಥೆ ಇರಲೇಬೇಕು. ಕೆಲವು ಕಡೆ ಅದು ಮುಚ್ಚಿದ ಲಕೋಟೆ, ಈಗ ಹೆಚ್ಚಾಗಿ ಇಪ್ಪತ್ನಾಲ್ಕು ಗಂಟೆಯೂ ನಡೆಯುವ ಫೋನ್ ಅಥವಾ ಕಂಪ್ಯೂಟರ್ ವ್ಯವಸ್ಥೆ. ದೊಡ್ಡ ಟ್ರಯಲ್‌ಗಳಲ್ಲಿ ಚಿಕಿತ್ಸೆಯಲ್ಲಿ ತೊಡಗದ ಸ್ವತಂತ್ರ ಸಮಿತಿಯೊಂದು ಎರಡೂ ಗುಂಪುಗಳ ಲೆಕ್ಕವನ್ನು ಆಗಾಗ ನೋಡುತ್ತಿರುತ್ತದೆ. ಒಂದು ಗುಂಪಿಗೆ ಹಾನಿಯಾಗುತ್ತಿದೆ ಎಂದು ಕಂಡರೆ ನಿಲ್ಲಿಸಲು ಹೇಳುತ್ತದೆ.

ಆದರೆ ದಮ್ಮು ಕಟ್ಟಿದ ರಾತ್ರಿ ಗುಟ್ಟು ಒಡೆಯುವ ಅಗತ್ಯವೇ ಸಾಮಾನ್ಯವಾಗಿ ಬರುವುದಿಲ್ಲ. ಡಬ್ಬಿಯಲ್ಲಿ ಏನೇ ಇರಲಿ, ಆಗ ಮಾಡುವ ಚಿಕಿತ್ಸೆ ಅದೇ: ಸಾಲ್ಬ್ಯುಟಮಾಲ್, ನೆಬ್ಯುಲೈಸರ್, ಆಮ್ಲಜನಕ, ಸ್ಟೀರಾಯ್ಡ್. ಅದಕ್ಕಿಂತ ದೊಡ್ಡ ಪ್ರಶ್ನೆ, ಈಗ ದಿನಾ ತೆಗೆದುಕೊಳ್ಳುತ್ತಿರುವ ಇನ್‌ಹೇಲರ್ ಮುಂದುವರಿಯುತ್ತದೆಯೇ ಎಂಬುದು. ಅಸ್ತಮಾದ ಹೊಸ ಔಷಧದ ಟ್ರಯಲ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಗುಂಪಿನವರು ತಮ್ಮ ವಾಡಿಕೆಯ ಸ್ಟೀರಾಯ್ಡ್ ಇನ್‌ಹೇಲರ್ ಮುಂದುವರಿಸುತ್ತಾರೆ, ತುರ್ತಿಗೆ ಸಾಲ್ಬ್ಯುಟಮಾಲ್ ಜೇಬಿನಲ್ಲೇ ಇರುತ್ತದೆ, ಹೊಸ ಔಷಧವೋ ಪ್ಲಸೀಬೊವೋ ಅದರ ಮೇಲೆ ಹೆಚ್ಚುವರಿಯಾಗಿ ಬರುತ್ತದೆ. ಹಾಗಿದ್ದರೆ ಪ್ಲಸೀಬೊ ಗುಂಪಿಗೆ ಬಿದ್ದರೂ ಈಗ ಇರುವಲ್ಲಿಂದ ಕೆಳಗಿಳಿದಂತಾಗುವುದಿಲ್ಲ. ದಿನದ ಇನ್‌ಹೇಲರ್ ನಿಲ್ಲಿಸಿ ಬರೀ ಪ್ಲಸೀಬೊದಲ್ಲಿ ತಿಂಗಳುಗಟ್ಟಲೆ ಇಡುತ್ತೇವೆ ಎಂದು ಬರೆದಿದ್ದರೆ, ನನ್ನ ಅಣ್ಣನಾಗಿದ್ದರೆ ನಾನು ಸಹಿ ಹಾಕಲು ಬಿಡುತ್ತಿರಲಿಲ್ಲ. ಫಲ ಕೊಡುವ ಚಿಕಿತ್ಸೆ ಇರುವಾಗ ಅದನ್ನು ತಪ್ಪಿಸಿ, ಗಂಭೀರ ಹಾನಿಯಾಗುವ ಹಾಗೆ ಪ್ಲಸೀಬೊದಲ್ಲಿ ಇಡಬಾರದು ಎಂದು ವೈದ್ಯಕೀಯ ಸಂಶೋಧನೆಯ ನೀತಿಯನ್ನು ಹೇಳುವ ಹೆಲ್ಸಿಂಕಿ ಘೋಷಣೆಯೇ ಹೇಳುತ್ತದೆ.

ಹಾಗಾಗಿ ಒಪ್ಪಿಗೆ ಪತ್ರವನ್ನು ಮನೆಗೆ ತಂದು ಓದಿ. ಅದು ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಕನ್ನಡದಲ್ಲಿ ಕೇಳಿ ಪಡೆಯಿರಿ. ಈಗಿನ ಇನ್‌ಹೇಲರ್‌ಗಳ ಹೆಸರು ಹೇಳಿ, ಇವು ಮುಂದುವರಿಯುತ್ತವೆಯೇ ಎಂದು ಕೇಳಿ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತುವವರು ಯಾರು, ಗುಟ್ಟು ಒಡೆಯುವ ಅಧಿಕಾರ ಯಾರಿಗೆ ಎಂದು ಕೇಳಿ, ಆ ನಂಬರು ಬರೆದುಕೊಳ್ಳಿ. ಭಾರತದಲ್ಲಿ ಹೊಸ ಔಷಧಗಳ ಟ್ರಯಲ್‌ಗಳನ್ನು ಸಿ.ಟಿ.ಆರ್.ಐ. ಎಂಬ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ. ಆ ನೋಂದಣಿ ಸಂಖ್ಯೆ ಕೇಳಿದರೆ ಅದರಲ್ಲಿ ಪ್ಲಸೀಬೊ ಏನು, ಯಾರಿಂದ ಏನನ್ನು ಮುಚ್ಚಿಡುತ್ತಾರೆ ಎಂಬುದನ್ನು ನೀವೇ ನೋಡಬಹುದು. 2019ರ ನಿಯಮಗಳಂತೆ ಟ್ರಯಲ್‌ನಿಂದ ಹಾನಿಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ಪ್ಲಸೀಬೊ ಟ್ರಯಲ್‌ನಲ್ಲಿ ಕೊಡಬೇಕಿದ್ದ ವಾಡಿಕೆಯ ಚಿಕಿತ್ಸೆಯನ್ನು ಕೊಡದೆ ಆದ ಹಾನಿಯೂ ಅದರಲ್ಲಿ ಸೇರುತ್ತದೆ. ಸೇರಿದ ಮೇಲೂ ಯಾವಾಗ ಬೇಕಾದರೂ, ಕಾರಣ ಕೊಡದೆ, ಹೊರಬರಬಹುದು.

ಒಂದು ಮಾತು ಬಾಕಿಯಿದೆ, ಅದು ಭಯಕ್ಕೆ ಸಂಬಂಧಿಸಿದ್ದು. ನಂಬಿಕೆ ಶ್ವಾಸನಾಳವನ್ನು ಮುಟ್ಟುವುದೇ ಇಲ್ಲ ಎಂದು ನಾನು ಹೇಳಿದ್ದೇನೆ ಎಂದುಕೊಳ್ಳಬೇಡಿ. ಬಾಸ್ಟನ್‌ನಲ್ಲಿ ಭರವಸೆಗೆ ಶ್ವಾಸನಾಳವನ್ನು ತೆರೆಯುವುದಕ್ಕೆ ಆಗಲಿಲ್ಲ. ಆದರೆ ಭಯಕ್ಕೆ ಅದನ್ನು ಬಿಗಿಯುವುದು ಸಾಧ್ಯ. 1968ರಲ್ಲಿ ನ್ಯೂಯಾರ್ಕಿನ ಲುಪರೆಲ್ಲೊ ಎಂಬ ವೈದ್ಯರು ನಲವತ್ತು ಜನ ಅಸ್ತಮಾ ರೋಗಿಗಳಿಗೆ ಬರೀ ಉಪ್ಪುನೀರಿನ ಹಬೆ ಕೊಟ್ಟು, ಇದರಲ್ಲಿ ನಿಮಗೆ ಆಗಿಬರದ ವಸ್ತುವಿದೆ ಎಂದರು. ಹತ್ತೊಂಬತ್ತು ಜನರ ಶ್ವಾಸನಾಳ ಅಳತೆಗೆ ಸಿಗುವಷ್ಟು ಬಿಗಿಯಿತು. ‘ನನಗೆ ಖಾಲಿ ಡಬ್ಬಿಯೇ ಬಂದಿದೆ’ ಎಂದು ಕೊರಗುತ್ತ ಕೂರುವವರ ಉಸಿರು ಕೆಡಲು ಡಬ್ಬಿ ಖಾಲಿಯೇ ಇರಬೇಕಾಗಿಲ್ಲ. ಇದೂ ಮುಚ್ಚಿಡುವುದಕ್ಕೆ ಒಂದು ಕಾರಣ.

ನಿಮ್ಮ ಅಣ್ಣ ಸೇರಲಿ ಬಿಡಲಿ, ಒಂದು ಪೀಕ್ ಫ್ಲೋ ಮೀಟರ್ ಕೊಳ್ಳಿ. ಕೈಯಲ್ಲಿ ಹಿಡಿದು ಊದುವ ಸಣ್ಣ ಪ್ಲಾಸ್ಟಿಕ್ ಕೊಳವೆ ಅದು. ಬೆಳಿಗ್ಗೆ ಎದ್ದೊಡನೆ, ರಾತ್ರಿ ಮಲಗುವ ಮುಂಚೆ, ನಿಂತುಕೊಂಡು ಮೂರು ಸಲ ಊದಿ ಹೆಚ್ಚಿನದನ್ನು ಬರೆದಿಡಲಿ. ಆರೋಗ್ಯ ಚೆನ್ನಾಗಿದ್ದ ದಿನಗಳ ಅತಿ ಹೆಚ್ಚಿನ ಅಂಕೆ 400 ಇತ್ತೆಂದುಕೊಳ್ಳಿ. 320ಕ್ಕಿಂತ ಕೆಳಗಿಳಿದರೆ ಟ್ರಯಲ್ ವೈದ್ಯರಿಗೆ ಫೋನ್ ಮಾಡಬೇಕು. 200ಕ್ಕಿಂತ ಕೆಳಗಿಳಿದರೆ ಸಾಲ್ಬ್ಯುಟಮಾಲ್ ಹೀರಿಕೊಂಡು ನೇರ ಆಸ್ಪತ್ರೆಗೆ ಹೊರಡಬೇಕು, ಯಾರನ್ನೂ ಕೇಳುತ್ತ ಕೂರಬಾರದು. ಬಾಸ್ಟನ್‌ನಲ್ಲಿ ಖಾಲಿ ಇನ್‌ಹೇಲರ್ ಹೀರಿದವರು ಎದೆ ಹಗುರಾಗಿದೆ ಎಂದಾಗ ಶ್ವಾಸನಾಳ ಹಾಗೇ ಇತ್ತು. ಆದ್ದರಿಂದ ‘ಇವತ್ತು ಆರಾಮಾಗಿದೆ, ಊದೋದು ಬೇಡ’ ಎಂದು ನಿಮ್ಮ ಅಣ್ಣ ಹೇಳುವ ದಿನವೇ ನೀವು ಮೀಟರ್ ತಂದು ಕೈಗೆ ಕೊಡಿ.